ಹರಿತ ಮಾಡುವ ಮುನ್ನ ದೂರ ಕೇಳಿರಿ

ಕಲಬುರಗಿ ನಗರ, ಕಮಲಾಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ಕುಬಸ, ಜಾತ್ರೆ, ಶ್ರದ್ಧಾಂಜಲಿಗಳ ಫೋಟೋ ತೆಗೆಯುವ ತಮ್ಮಂದಿರಿಗೆ, ತಂಗಿಯರಿಗೆ. ಫ್ಲೆಕ್ಸ್ ಅಂಗಡಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ರಾತ್ರಿಯೆಲ್ಲ ಡಿಸೈನ್ ಮಾಡುವ ಗೆಳೆಯರಿಗೆ,



ನಾನು ಶರಣಸಿರಸಗಿಯವನು. ಫಿಲ್ಮ್ ರೋಲ್ ಕಾಲದಿಂದ ಈ ಕೆಲಸದಲ್ಲಿದ್ದೇನೆ. ಈಗ ಕಣ್ಣು ಮೊದಲಿನಂತಿಲ್ಲ. ಆದರೂ ನಿಮ್ಮಲ್ಲಿ ಯಾರಾದರೂ ಆಲ್ಬಮ್ ತಂದು ಕೈಗಿಟ್ಟರೆ ಮೊದಲು ನೋಡುವುದು ಮದುಮಗನ ಪೇಟದ ಅಂಚು. ಅಲ್ಲಿ ಬಿಳಿ ತಂತಿ ಸುತ್ತಿದಂತಹ ಗೆರೆ ಇದ್ದರೆ, ಈ ಫೈಲನ್ನು ಎಲ್ಲಿ ಹೇಗೆ ಹರಿತ ಮಾಡಿದ್ದೀರಿ ಎಂಬುದು ಅಲ್ಲೇ ತಿಳಿಯುತ್ತದೆ. ಹೇಗೆ ತಿಳಿಯುತ್ತದೆ ಎಂದರೆ, ಅದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದೂ ನಮ್ಮ ಮನೆಯ ಫೋಟೋದಲ್ಲೇ.

ನಮ್ಮ ಕಾಕಾ ತೀರಿಕೊಂಡಾಗ ಅವರದೊಂದು ಒಳ್ಳೆಯ ಫೋಟೋ ನನ್ನ ಹತ್ತಿರ ಇತ್ತು. ಕಟ್ಟೆಯ ಮೇಲೆ ಕೂತಿದ್ದರು. ತಲೆಗೆ ರುಮಾಲು, ಮೈಮೇಲೆ ಬಿಳಿ ಅಂಗಿ, ಹಿಂದೆ ಹೂ ಬಿಟ್ಟ ತೊಗರಿ ಹೊಲ. ಕ್ಯಾಮೆರಾ 24 ಮೆಗಾಪಿಕ್ಸೆಲ್ಲಿನದು, ಫೋಟೋ ನಿಲುವಾಗಿ 4000 ಅಗಲ, 6000 ಎತ್ತರ. ಫೋಕಸ್ ಕಣ್ಣಿನ ಮೇಲೆ ಸರಿಯಾಗಿ ಕೂತಿತ್ತು. ಆ ಒಂದು ಫೋಟೋದಿಂದ ಮೂರು ಕೆಲಸ ಆಗಬೇಕಿತ್ತು: ಎಲ್ಲರ ಮೊಬೈಲ್ ಸ್ಟೇಟಸ್ಸಿಗೆ ಒಂದು, ಪಡಸಾಲೆಯ ಗೋಡೆಗೆ 12×18 ಇಂಚಿನ ಫ್ರೇಮು, ಊರ ಅಗಸಿಯ ಹತ್ತಿರ 6×9 ಅಡಿಯ ಫ್ಲೆಕ್ಸು. ದುಃಖದ ಮನೆ, ಹೊತ್ತು ಕಡಿಮೆ. ನಾನು ಫೋಟೋ ತೆರೆದು, ಮಾನಿಟರ್ ಮೇಲೆ ಪೂರ್ತಿ ಕಾಣುವ ಹಾಗೆ ಸಣ್ಣದು ಮಾಡಿಕೊಂಡು, Unsharp Mask ತೆಗೆದೆ. ಸ್ವಲ್ಪ ಎಳೆದೆ, ಏನೂ ಬದಲಾಗಲಿಲ್ಲ. ಇನ್ನಷ್ಟು ಎಳೆದೆ. ರೇಡಿಯಸ್ 4ಕ್ಕೆ, ಅಮೌಂಟ್ 250ಕ್ಕೆ ಬಂದಾಗ ಕಾಕಾನ ಕಣ್ಣು, ಮೀಸೆ ಎದ್ದು ಬಂದವು. ಬಹಳ ಚೆನ್ನಾಗಿದೆ ಅನಿಸಿತು. ಅದೇ ಫೈಲನ್ನು ಮೂರೂ ಕಡೆ ಕಳಿಸಿದೆ.

ಮೊದಲು ಬಂದದ್ದು ಫ್ಲೆಕ್ಸು. ನೆಲದ ಫರ್ಸಿಯ ಮೇಲೆ ಬಿಡಿಸಿ ಹಾಸಿದಾಗ ನನಗೆ ಎದೆ ಧಸಕ್ಕೆಂದಿತು. ರುಮಾಲಿನ ಸುತ್ತ ಬಿಳಿ ಗೆರೆ, ಅದರ ಪಕ್ಕ ಕರಿ ಗೆರೆ, ಮೀಸೆಯ ಕೂದಲೆಲ್ಲ ಕಬ್ಬಿಣದ ಕಡ್ಡಿ, ತೊಗರಿ ಎಲೆಗಳೆಲ್ಲ ಗಾಜಿನ ಚೂರು. ಬೇರೆ ಮಾಡಿಸಲು ವೇಳೆ ಇರಲಿಲ್ಲ. ಕಂಬಕ್ಕೆ ಕಟ್ಟಿದರು. ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ನೋಡಿದರೆ ಕಾಕಾ ಎದುರಿಗೆ ಕೂತ ಹಾಗೆ ಇದ್ದರು. ಗೆರೆ ಇಲ್ಲ, ಕಡ್ಡಿ ಇಲ್ಲ, ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಬಂದವರೆಲ್ಲ ಫ್ಲೆಕ್ಸ್ ಚಂದ ಬಂದಿದೆ ಎಂದರು.

ಮರುದಿನ ಫ್ರೇಮು ಬಂತು. ಲ್ಯಾಬಿನವರ ತಪ್ಪೇನೂ ಇರಲಿಲ್ಲ, ಕೊಟ್ಟದ್ದನ್ನು ಕೊಟ್ಟ ಹಾಗೆ ಹಾಕಿದ್ದರು. ಕಾಕು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಗಾಜು ಒರೆಸಿ, ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: "ಇವ್ರ ಮಾರಿ ಹಿಂಗ ಇರ್ಲಿಲ್ಲಪ್ಪಾ. ಕಲ್ಲಾಗ ಕಡದಂಗ ಕಾಣಸ್ತದ. ಯಾರೋ ಪೆನ್ನಿಲಿಂದ ಗೆರಿ ಹೊಡದಾರೇನು?"

ಫೈಲ್ ಒಂದೇ, ಹಚ್ಚಿದ ಹರಿತ ಒಂದೇ. ರಸ್ತೆಯಲ್ಲಿ ಅದು ಜೀವ ಕೊಟ್ಟಿತು, ತೊಡೆಯ ಮೇಲೆ ಅದೇ ಜೀವ ತೆಗೆಯಿತು. ಯಾಕೆ ಹೀಗೆ ಎಂದು ನಾನು ಬಹಳ ದಿನ ಲೆಕ್ಕ ಹಾಕಿದ್ದೇನೆ. ಆ ಲೆಕ್ಕವನ್ನು ನಿಮ್ಮ ಮುಂದೆ ಇಡಬೇಕೆಂದೇ ಈ ಪತ್ರ.

ಮೊದಲು ಒಂದು ಮಾತು. ಶಾರ್ಪ್ ಮಾಡುವುದೆಂದರೆ ಕಳೆದುಹೋದ ವಿವರವನ್ನು ಹುಡುಕಿ ತರುವುದಲ್ಲ. ಕರಿ ಭಾಗ ಮತ್ತು ಬಿಳಿ ಭಾಗ ಕೂಡುವ ಕಡೆ, ಕರಿಯ ಕಡೆಗೆ ಇನ್ನಷ್ಟು ಕಪ್ಪು ಗೆರೆ, ಬಿಳಿಯ ಕಡೆಗೆ ಇನ್ನಷ್ಟು ಬಿಳಿ ಗೆರೆ ಎಳೆಯುವುದು, ಅಷ್ಟೇ. ಇದಕ್ಕೆ ಹೇಲೋ ಎನ್ನುತ್ತಾರೆ, ನಾನು ಅಂಚುಗೆರೆ ಎಂದು ಕರೆಯುತ್ತೇನೆ. ಫ್ಲೆಕ್ಸ್ ಡಿಸೈನ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೆಸರು ದೂರಕ್ಕೆ ಕಾಣಲಿ ಎಂದು ಅಕ್ಷರದ ಸುತ್ತ ಬಿಳಿ ಸ್ಟ್ರೋಕ್ ಹಾಕುತ್ತೀರಲ್ಲ, ಅದೇ ಕೆಲಸ. ಆಮಂತ್ರಣ ಪತ್ರಿಕೆಗೆ ಕೂದಲೆಳೆಯಷ್ಟು ಹಾಕುತ್ತೀರಿ, ಕಂಬದ ಮೇಲಿನ ಬ್ಯಾನರಿಗೆ ಬೆರಳಿನಷ್ಟು ದಪ್ಪ ಹಾಕುತ್ತೀರಿ. ಅಕ್ಷರಕ್ಕೆ ತೋರಿಸುವ ಈ ವಿವೇಕವನ್ನು ಮುಖಕ್ಕೆ ಯಾಕೆ ತೋರಿಸುವುದಿಲ್ಲ ಎಂಬುದೇ ನನ್ನ ತಕರಾರು.

Unsharp Mask ಎಂಬ ಹೆಸರೂ ಡಾರ್ಕ್‌ರೂಮಿನಿಂದ ಬಂದದ್ದು. ನೆಗೆಟಿವಿನ ಮಸುಕಾದ ಪಾಸಿಟಿವ್ ಒಂದನ್ನು ಮಾಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಪ್ರಿಂಟ್ ತೆಗೆದರೆ ಅಂಚುಗಳು ಎದ್ದು ಬರುತ್ತಿದ್ದವು. ಮಸುಕಾದ ಮುಖವಾಡದಿಂದ ಹರಿತ ಹುಟ್ಟುತ್ತದೆ, ಅದಕ್ಕೇ ಆ ತಲೆಕೆಳಗಿನ ಹೆಸರು. ಇವತ್ತು ಪರದೆಯ ಮೇಲೆ Amount, Radius, Threshold ಎಂದು ಮೂರು ಕಾಣುತ್ತವೆ. ಅಮೌಂಟ್ ಎಂದರೆ ಗೆರೆ ಎಷ್ಟು ಗಾಢ, ರೇಡಿಯಸ್ ಎಂದರೆ ಗೆರೆ ಎಷ್ಟು ಅಗಲ, ಥ್ರೆಶೋಲ್ಡ್ ಎಂದರೆ ಎಷ್ಟು ಸಣ್ಣ ವ್ಯತ್ಯಾಸಗಳನ್ನು ಮುಟ್ಟದೆ ಬಿಡಬೇಕು. ಕೆನ್ನೆಯ ಚರ್ಮದ ರಂಧ್ರಗಳನ್ನು, ಆಕಾಶದ ಕಾಳುಕಾಳನ್ನು ಎಬ್ಬಿಸದೆ ಬಿಡುವುದು ಈ ಮೂರನೆಯದು. ಆದರೆ ದೂರದ ಸಂಗತಿ ಇರುವುದು ನಡುವಿನ ರೇಡಿಯಸ್ಸಿನಲ್ಲಿ. ಗೆರೆ ಇರಬೇಕು, ಆದರೆ ಗೆರೆಯಾಗಿ ಕಾಣಬಾರದು. ಕಣ್ಣಿಗೆ ಅದು ಬೇರೆಯಾಗಿ ತೋರದಷ್ಟು ಸಪೂರ ಇದ್ದರೆ ಅಂಚು ಹರಿತ ಅನಿಸುತ್ತದೆ. ತೋರುವಷ್ಟು ದಪ್ಪ ಆದರೆ ತಂತಿ ಅನಿಸುತ್ತದೆ. ಅತಿ ಸಪೂರ ಆದರೆ ಇದ್ದೂ ಇಲ್ಲ.

ಹಾಗಾದರೆ ಕಣ್ಣಿಗೆ ತೋರದಷ್ಟು ಎಂದರೆ ಎಷ್ಟು? ಒಳ್ಳೆಯ ಕಣ್ಣು ಬೇರ್ಪಡಿಸಿ ಕಾಣುವ ಅತಿ ಸಣ್ಣ ಕೋನ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ಮಾಡಿರುವುದೂ ಇದೇ ಅಳತೆಯ ಮೇಲೆ. ನಮ್ಮ ಕೆಲಸಕ್ಕೆ ಇದನ್ನು ಅಡಿಯಲ್ಲಿ ಹೇಳಿದರೆ ನೆನಪಿಡುವುದು ಸುಲಭ: 11 ಅಡಿ ದೂರಕ್ಕೆ 1 ಮಿಲಿಮೀಟರ್. 33 ಅಡಿಗೆ 3 ಮಿಲಿಮೀಟರ್. 2 ಅಡಿಗೆ 0.18 ಮಿಲಿಮೀಟರ್. ಪುಸ್ತಕದ ಹಾಗೆ ಒಂದಡಿಯಲ್ಲಿ ಹಿಡಿದರೆ 0.09. ಮುನ್ನೂರು ಡಿಪಿಐ ಪ್ರಿಂಟಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ 0.085 ಮಿಲಿಮೀಟರ್ ಇರುತ್ತದೆ. ಕೈಯಲ್ಲಿ ಹಿಡಿದು ನೋಡುವುದಕ್ಕೆ ಎಲ್ಲರೂ 300 ಕೇಳುವುದರ ಹಿಂದೆ ಇರುವುದು ಈ ಕಣ್ಣಿನ ಮಿತಿಯೇ.

ಈಗ ಕಾಕಾನ ಫೋಟೋಗೆ ಬರೋಣ. ನನ್ನ ಅನುಭವದ ಅಂದಾಜಿನಲ್ಲಿ ಕಣ್ಣಿಗೆ ತಾಗುವ ಅಂಚುಗೆರೆ ಒಂದೊಂದು ಬದಿಗೆ ರೇಡಿಯಸ್ಸಿನ ಒಂದೂವರೆ ಪಟ್ಟು ಅಗಲ ಇರುತ್ತದೆ. ರೇಡಿಯಸ್ 4 ಇಟ್ಟರೆ 6 ಪಿಕ್ಸೆಲ್. ಆ ಫೋಟೋದ 4000 ಪಿಕ್ಸೆಲ್ 6 ಅಡಿ ಅಗಲದ ಫ್ಲೆಕ್ಸಿನ ಮೇಲೆ ಹರಡಿದಾಗ ಒಂದು ಪಿಕ್ಸೆಲ್ಲಿಗೆ 0.46 ಮಿಲಿಮೀಟರ್ ಬಂತು. ಆರು ಪಿಕ್ಸೆಲ್ ಎಂದರೆ ಸುಮಾರು 2.7 ಮಿಲಿಮೀಟರ್. ರಸ್ತೆಯ ಆಚೆ ಬದಿ 33 ಅಡಿ ಇದ್ದೀತು, ಅಲ್ಲಿಂದ ಕಣ್ಣಿನ ಮಿತಿ 3 ಮಿಲಿಮೀಟರ್. ಗೆರೆ ಮಿತಿಯ ಒಳಗೆ, ಅಂಚಿಗೆ ತಾಗಿಕೊಂಡೇ ಕೂತುಬಿಟ್ಟಿತು. ನಾನು ಲೆಕ್ಕ ಹಾಕಿ ಮಾಡಿದ್ದಲ್ಲ, ಕುರುಡನ ಕಲ್ಲು ಗುರಿಗೆ ಬಿದ್ದ ಹಾಗೆ ಆಯಿತು.

ಅದೇ 6 ಪಿಕ್ಸೆಲ್ 12 ಇಂಚು ಅಗಲದ ಫ್ರೇಮಿಗೆ ಬಂದಾಗ 0.46 ಮಿಲಿಮೀಟರ್ ಆಯಿತು. ಬಹಳ ಸಣ್ಣದು ಅನಿಸುತ್ತದೆ. ಆದರೆ ಕಾಕು ನೋಡಿದ್ದು ಎರಡಡಿಗಿಂತ ಹತ್ತಿರದಿಂದ. ಎರಡಡಿಗೇ ಮಿತಿ 0.18. ಗೆರೆ ಅದರ ಎರಡೂವರೆ ಪಟ್ಟು. ಅವಳ ಕಣ್ಣಿಗೆ ಅದು ಪೆನ್ನಿನ ಗೆರೆಯಾಗಿಯೇ ಕಂಡದ್ದು ಸರಿಯಾಗಿತ್ತು.

ಮಾನಿಟರ್ ನನ್ನನ್ನು ಯಾಕೆ ಎಚ್ಚರಿಸಲಿಲ್ಲ? 6000 ಪಿಕ್ಸೆಲ್ ಎತ್ತರದ ಫೋಟೋವನ್ನು 900 ಪಿಕ್ಸೆಲ್ ಜಾಗಕ್ಕೆ ಕುಗ್ಗಿಸಿಕೊಂಡು ನೋಡುತ್ತಿದ್ದೆ. ಆರು ಪಿಕ್ಸೆಲ್ಲಿನ ಗೆರೆ ಅಲ್ಲಿ ಒಂದು ಪಿಕ್ಸೆಲ್ಲಿಗೆ ಇಳಿದಿತ್ತು. 4ಕ್ಕಿಂತ ಸಣ್ಣ ರೇಡಿಯಸ್ ಕೊಟ್ಟಾಗ ಕುಗ್ಗಿಸುವಿಕೆಯಲ್ಲಿ ಗೆರೆ ಕರಗಿಯೇ ಹೋಗುತ್ತಿತ್ತು, ಹಾಗಾಗಿ ಕೈ ಮುಂದೆ ಮುಂದೆ ಹೋಯಿತು. ನಿಮ್ಮಲ್ಲಿ ಬಹಳ ಜನ ಇವತ್ತಿಗೂ ಹೀಗೇ ಮಾಡುತ್ತಿದ್ದೀರಿ ಎಂದು ಆಲ್ಬಮ್‌ಗಳೇ ಹೇಳುತ್ತವೆ. ಕೆಲವರು ಇದಕ್ಕೆ ಹೆದರಿ ಇನ್ನೊಂದು ಕಡೆಗೆ ಹೋಗುತ್ತೀರಿ: ನೂರು ಪರ್ಸೆಂಟಿಗೆ ಹಿಗ್ಗಿಸಿಕೊಂಡು, ಮಾನಿಟರಿಗೆ ಮೂಗು ತಾಗಿಸಿ, ಗೆರೆ ಕಂಡ ಕೂಡಲೇ ಇಳಿಸುತ್ತೀರಿ. ಆಗ ಪ್ರಿಂಟ್ ಸಪ್ಪೆ ಬರುತ್ತದೆ. ಫೋಕಸ್ ಸರಿ ಇದ್ದರೂ ಕಣ್ಣೆವೆಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ, ಗಿರಾಕಿ "ಯಾಕ ಮಸಕ ಅದ?" ಎನ್ನುತ್ತಾನೆ. ಎರಡೂ ಕಡೆ ತಪ್ಪಿದ್ದು ಒಂದೇ: ನೋಡುವ ದೂರವನ್ನು ನೀವು ಹೊಂದಿಸಿಕೊಳ್ಳಲಿಲ್ಲ.

ಹೊಂದಿಸಿಕೊಳ್ಳುವುದು ಕಷ್ಟವಲ್ಲ, ಕುರ್ಚಿಯಿಂದ ಏಳಬೇಕು ಅಷ್ಟೇ. ಅಂಗಡಿಗಳಲ್ಲಿ ಸಾಮಾನ್ಯವಾಗಿರುವ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಸುಮಾರು 0.28 ಮಿಲಿಮೀಟರ್ ಇರುತ್ತದೆ. ಪ್ರಿಂಟಿನ ಪಿಕ್ಸೆಲ್ 0.085. ಮಾನಿಟರಿನದು ಮೂರೂಕಾಲು ಪಟ್ಟು ದೊಡ್ಡದು. ಹಾಗಾದರೆ 2 ಅಡಿಯಿಂದ ನೋಡುವ 300 ಡಿಪಿಐ ಪ್ರಿಂಟನ್ನು ಮಾನಿಟರಿನಲ್ಲಿ ನೂರು ಪರ್ಸೆಂಟಿಗೆ ಇಟ್ಟು ಆರೂವರೆ ಅಡಿ ಹಿಂದೆ ನಿಂತು ನೋಡಬೇಕು. ಕಣ್ಣಿಗೆ ಬೀಳುವ ಅಳತೆ ಆಗ ಪ್ರಿಂಟಿನದೇ ಆಗುತ್ತದೆ. ಫ್ಲೆಕ್ಸಿನ ಪಿಕ್ಸೆಲ್ 0.46 ಇದ್ದು 33 ಅಡಿಯಿಂದ ನೋಡುವುದಾದರೆ, ಮಾನಿಟರನ್ನು ಬಾಗಿಲ ಕಡೆಗೆ ತಿರುಗಿಸಿ 20 ಅಡಿ ದೂರ, ಅಂದರೆ ಅಂಗಡಿಯ ಹೊರಗೆ ರಸ್ತೆಯಲ್ಲಿ ನಿಂತು ನೋಡಿ. ಸೂಪರ್ ಮಾರ್ಕೆಟ್ ಹತ್ತಿರ ಅಂಗಡಿ ಇದ್ದವರಿಗೆ ಜನರ ಸಂದಿಯಿಂದ ಮಾನಿಟರ್ ಕಾಣುವುದೇ ಕಷ್ಟ ಎಂಬುದು ನನಗೂ ಗೊತ್ತು. ರಾತ್ರಿ ಶಟರ್ ಎಳೆಯುವ ಮುಂಚೆ ನೋಡಿ.

ಈ ಉಪಾಯಕ್ಕೆ ಒಂದು ಮಿತಿ ಇದೆ. ಮಾನಿಟರ್ ಬೆಳಕು ಸೂಸುತ್ತದೆ, ಅದರ ಪಿಕ್ಸೆಲ್ಲಿಗೆ ಚೌಕಾಕಾರದ ಗಟ್ಟಿ ಅಂಚು ಇರುತ್ತದೆ. ಕಾಗದದ ಮೇಲೆ ಶಾಯಿ ಹರಡುತ್ತದೆ. ಆದ್ದರಿಂದ ಪ್ರಿಂಟಿಗೆ ಮಾನಿಟರಿನಲ್ಲಿ ಸರಿ ಅನಿಸಿದ್ದಕ್ಕಿಂತ ಒಂದು ಹಿಡಿ ಜಾಸ್ತಿ ಬೇಕು, ಆ ಜಾಸ್ತಿಯನ್ನು ಗೆರೆಯ ಅಗಲದಲ್ಲಿ ಅಲ್ಲ, ಗಾಢತೆಯಲ್ಲಿ ಕೊಡಬೇಕು. ಎಷ್ಟು ಎಂಬುದು ಕಾಗದವನ್ನು ಅವಲಂಬಿಸಿದ್ದು. ಲ್ಯಾಬಿನ ಫೋಟೋ ಪೇಪರಿನಲ್ಲಿ ಶಾಯಿಯೇ ಇಲ್ಲ, ಬಣ್ಣ ಕಾಗದದೊಳಗೇ ಅರಳುತ್ತದೆ, ಅದಕ್ಕೆ ಸ್ವಲ್ಪ ಸಾಕು. ಇಂಕ್‌ಜೆಟ್ಟಿನ ಗ್ಲಾಸಿ ಕಾಗದಕ್ಕೆ ಅದಕ್ಕಿಂತ ಹೆಚ್ಚು, ಮ್ಯಾಟ್ ಕಾಗದಕ್ಕೆ ಇನ್ನೂ ಹೆಚ್ಚು, ಬಟ್ಟೆಯ ಬ್ಯಾನರಿಗೆ ಎಲ್ಲಕ್ಕಿಂತ ಹೆಚ್ಚು. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನಾನು ಮಾಡಿಸಿದ್ದೂ ಸರಿಯಲ್ಲ, ನೀವು ಮಾಡುವುದೂ ಸರಿಯಲ್ಲ ಎಂದು ಹೇಳಿ ಈ ಮಾತು ಇಲ್ಲಿಗೇ ಬಿಡುತ್ತೇನೆ. ಆದರೆ ಬಟ್ಟೆಗೆ ಹೊರಳಿದವರು ನೆನಪಿಡಿ, ನೂಲಿನ ಗುಂಟ ಶಾಯಿ ಹರಿಯುತ್ತದೆ, ಫ್ಲೆಕ್ಸಿಗೆ ಇಟ್ಟ ಅಮೌಂಟ್ ಅಲ್ಲಿ ಸಾಲುವುದಿಲ್ಲ.

ಲೈಟ್‌ರೂಮ್ ಬಳಸುವವರು ನನ್ನನ್ನು ಕೇಳುತ್ತಾರೆ: ಎಕ್ಸ್‌ಪೋರ್ಟ್ ಮಾಡುವಾಗ Sharpen For ಎಂದು ಇದೆ, Screen, Matte Paper, Glossy Paper ಅಂತ ಆರಿಸಿಕೊಂಡರೆ ಮುಗಿಯಿತಲ್ಲ? ಮೊಬೈಲಿಗೆ, ಆಲ್ಬಮ್ಮಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಬಳಸಿ. ಅದು ಅಳತೆ ಬದಲಿಸಿದ ಮೇಲೆ ಕಟ್ಟಕಡೆಗೆ ಹರಿತ ಮಾಡುತ್ತದೆ, ಆ ಕ್ರಮವೂ ಸರಿ. ಆದರೆ ಆ ಕಿಟಕಿಯಲ್ಲಿ ನೋಡುವವನು ಎಲ್ಲಿ ನಿಂತಿದ್ದಾನೆ ಎಂದು ಕೇಳುವ ಜಾಗವೇ ಇಲ್ಲ. ಕೈಯಲ್ಲಿ ಹಿಡಿಯುವ ಫೋಟೋಗೂ ಕಂಬದ ಮೇಲಿನ ಬ್ಯಾನರಿಗೂ ಅದಕ್ಕೆ ಭೇದ ತಿಳಿಯುವುದಿಲ್ಲ. ದೊಡ್ಡ ಪ್ರಿಂಟಿಗೆ ಹರಿತವನ್ನು ನೀವೇ ಕೈಯಾರೆ ಕೊಡಬೇಕು. ಫೋಟೋಶಾಪ್ ಇಲ್ಲದವರಿಗೆ ದುಡ್ಡಿಲ್ಲದೆ ಸಿಗುವ ಜಿಂಪಿನಲ್ಲೂ Sharpen (Unsharp Mask) ಇದೆ.

ಎರಡನೇ ಸಲ ನಾನು ಕಾಕಾನ ಫ್ರೇಮನ್ನು ಮಾಡಿದ್ದು ಹೀಗೆ. ಹರಿತ ಮಾಡದ ಮೂಲ ಫೈಲು ದೇವರ ದಯದಿಂದ ಉಳಿದಿತ್ತು. ಅದನ್ನು ಮೊದಲು 3600×5400ಕ್ಕೆ ಇಳಿಸಿದೆ, ಅಂದರೆ 12×18 ಇಂಚಿಗೆ 300 ಡಿಪಿಐ. ಆಮೇಲೆ ರೇಡಿಯಸ್ 1.2, ಅಮೌಂಟ್ 120, ಥ್ರೆಶೋಲ್ಡ್ 3. ಗೆರೆಯ ಅಗಲ 1.8 ಪಿಕ್ಸೆಲ್, ಕಾಗದದ ಮೇಲೆ 0.15 ಮಿಲಿಮೀಟರ್, ಎರಡಡಿಯ ಮಿತಿಯಾದ 0.18ರ ಒಳಗೆ. ಡಿಪಿಐಯನ್ನು 200ರಿಂದ ಭಾಗಿಸಿ ರೇಡಿಯಸ್ ಇಡಬೇಕೆಂಬ ಹಳೆಯ ಸೂತ್ರ ಒಂದಿದೆ, ಅದರ ಪ್ರಕಾರ 1.5 ಆಗುತ್ತದೆ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಫೋಟೋವನ್ನು ತೊಡೆಯ ಮೇಲಿಟ್ಟು ನೋಡುತ್ತಾರೆಂದು ನಾನು ಸ್ವಲ್ಪ ಕಡಿಮೆ ಮಾಡಿದೆ. ತೊಗರಿ ಎಲೆಗಳ ಮೇಲೆ ಹರಿತವೇ ಬೀಳದಂತೆ ಮಾಸ್ಕಿನಲ್ಲಿ ಅಳಿಸಿದೆ. ಸಣ್ಣ ಎಲೆ, ಜರಿಯಂಚು, ಶಹಾಬಾದ್ ಕಲ್ಲಿನ ಒರಟು ಮೈ, ಇವು ಹರಿತ ತಾಗಿದ ಕೂಡಲೇ ಮುಖಕ್ಕಿಂತ ಮುಂದೆ ಬಂದು ನಿಲ್ಲುತ್ತವೆ. ಪೂರ್ತಿ ಪ್ರಿಂಟ್ ಹಾಕಿಸುವ ಮುಂಚೆ, ಕಣ್ಣು, ರುಮಾಲಿನ ಅಂಚು ಎರಡೂ ಬರುವಂತೆ ಅದೇ ಅಳತೆಯಲ್ಲಿ 4×6 ಇಂಚಿನ ತುಂಡನ್ನು ಕತ್ತರಿಸಿ ಪ್ರಿಂಟ್ ಹಾಕಿಸಿದೆ. ಆ ತುಂಡನ್ನು ಕಾಕುಗೆ ತೋರಿಸಿದೆ. ಅವಳು ಏನೂ ಹೇಳಲಿಲ್ಲ, ಬೆರಳಿನಿಂದ ಮೀಸೆ ಸವರಿದಳು. ಅದೇ ಒಪ್ಪಿಗೆ ಎಂದು ತಿಳಿದೆ.

ಮೊಬೈಲ್ ಸ್ಟೇಟಸ್ಸಿನ ಕಥೆ ಚಿಕ್ಕದು. ಈಗಿನ ಫೋನುಗಳಲ್ಲಿ ಒಂದು ಪಿಕ್ಸೆಲ್ 0.06 ಮಿಲಿಮೀಟರಿಗೆ ಬಂದಿದೆ, ಒಂದಡಿಯಿಂದ ಕಣ್ಣಿಗೆ ಅದು ಬೇರೆಯಾಗಿ ತೋರುವುದೇ ಇಲ್ಲ. 1080ಕ್ಕೆ ಇಳಿಸುವಾಗ ಆದ ಸಣ್ಣ ಮಸುಕನ್ನು ತೆಗೆಯುವಷ್ಟು, ರೇಡಿಯಸ್ 0.4, ಅಮೌಂಟ್ 60-80, ಸಾಕು. ಹೆಚ್ಚು ಕೊಟ್ಟರೆ ವಾಟ್ಸಾಪ್ ಅದನ್ನು ಮತ್ತೆ ಹಿಂಡಿ ಕಳಿಸುವಾಗ ಪ್ರತಿ ಗಟ್ಟಿ ಅಂಚಿನ ಸುತ್ತ ಸೊಳ್ಳೆ ಮುತ್ತಿದಂತೆ ಚುಕ್ಕೆಗಳೇಳುತ್ತವೆ. ತಂತಿಗೆರೆಗಿಂತ ಅದು ಅಸಹ್ಯ.

ಫ್ಲೆಕ್ಸ್ ಎಂದ ಮಾತ್ರಕ್ಕೆ ದಪ್ಪ ಗೆರೆ ಎಂದೂ ತಿಳಿಯಬೇಡಿ. ಅದೇ 6×9 ಅಡಿಯ ಬ್ಯಾನರು ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತರೆ ಜನ ಅದರ ಪಕ್ಕದಲ್ಲೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅಲ್ಲಿ ದೂರ 6 ಅಡಿ, ಮಿತಿ ಅರ್ಧ ಮಿಲಿಮೀಟರ್, ಅಂದರೆ ನನ್ನ ಫೈಲಿನಲ್ಲಿ ಒಂದೇ ಒಂದು ಪಿಕ್ಸೆಲ್ ಚಿಲ್ಲರೆ. ರೇಡಿಯಸ್ 0.8 ದಾಟಬಾರದು. ಕಾಕಾಗೆ ಇಟ್ಟ 4ನ್ನು ಅಲ್ಲಿ ಇಟ್ಟಿದ್ದರೆ ಮದುಮಗಳು ಕಣ್ಣೀರು ಹಾಕುತ್ತಿದ್ದಳು. ಇನ್ನೊಂದು ಕಡೆ, ಕಮಲಾಪುರದ ಕೆಂಪು ಬಾಳೆಯ ಬೋರ್ಡನ್ನು ಹುಮನಾಬಾದ್ ರಸ್ತೆಯಲ್ಲಿ ಓಡುವ ಕಾರಿನವರು ನೂರಡಿಯಿಂದ ನೋಡಬೇಕು. ಅಲ್ಲಿ ಮಿತಿ 9 ಮಿಲಿಮೀಟರ್. ಹಣ್ಣಿನ ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳಿಗೆ ಎಷ್ಟು ಹರಿತ ಹಚ್ಚಿದರೂ ಗಾಳಿಗೆ ಹೋಯಿತು. ಹಿನ್ನೆಲೆಯನ್ನು ತಿಳಿ ಮಾಡಿ, ಗೊನೆಯ ಹೊರ ಅಂಚು ಎದ್ದು ಕಾಣುವಂತೆ ಇಡುವುದೇ ಅಲ್ಲಿನ ಶಾರ್ಪನಿಂಗು.

ನಮ್ಮೂರಿನ ಎಸ್.ಎಂ. ಪಂಡಿತರನ್ನು ಇಲ್ಲಿ ನೆನೆಯುತ್ತೇನೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರುಗಳಿಗೂ ಬರೆದರು, ಮನೆ ಮನೆಯ ಗೋಡೆಗೆ ಬಂದ ಪೌರಾಣಿಕ ಕ್ಯಾಲೆಂಡರುಗಳಿಗೂ ಬರೆದರು. ಒಂದು ಬೀದಿಯ ದೂರ, ಒಂದು ಪಡಸಾಲೆಯ ದೂರ. ಹಳೆಯ ಟಾಕೀಸುಗಳ ಮುಂದೆ ಕೈಯಿಂದ ಬರೆದ ಬ್ಯಾನರುಗಳನ್ನು ನೋಡಿದವರಿಗೆ ಗೊತ್ತು: ಕೆಳಗೆ ನಿಂತು ನೋಡಿದರೆ ನಾಯಕನ ಕಣ್ಣು ಎಂದರೆ ಒಂದು ಪೊರಕೆಯಷ್ಟು ಬಿಳಿ ಬಣ್ಣ, ಅದರ ಪಕ್ಕ ಒಂದು ಪೊರಕೆ ಕಪ್ಪು. ರಸ್ತೆಯ ಆಚೆಯಿಂದ ಅದು ಹೊಳೆಯುವ ಕಣ್ಣು. ಆ ಪೇಂಟರುಗಳು ಕೈಯಿಂದ ಮಾಡಿದ್ದನ್ನೇ ನಾವು ಮೌಸಿನಿಂದ ಮಾಡುತ್ತಿದ್ದೇವೆ. ಅವರು ಆಗಾಗ ಏಣಿ ಇಳಿದು ದೂರ ಹೋಗಿ ನೋಡಿ ಬರುತ್ತಿದ್ದರು.

ಹಳ್ಳಿಯಿಂದ ಬರುವ ಇನ್ನೊಂದು ತರಹದ ಕೆಲಸದ ಬಗ್ಗೆ ಹೇಳದಿದ್ದರೆ ನನ್ನ ಪತ್ರ ಸುಳ್ಳಾದೀತು. ಹಿರಿಯರು ತೀರಿದಾಗ ಬಹಳ ಮನೆಗಳಲ್ಲಿ ಸಿಗುವುದು ಯಾವುದೋ ಮದುವೆಯ ಗುಂಪು ಫೋಟೋ, ಅದೂ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದು. ಅದರಲ್ಲಿ ಮುಖ 200 ಪಿಕ್ಸೆಲ್ ಎತ್ತರ ಇದ್ದರೆ ಪುಣ್ಯ. ಅದನ್ನು ಫ್ಲೆಕ್ಸಿನ ಮೇಲೆ ಮೂರಡಿ ಮುಖ ಮಾಡಿದರೆ ಒಂದು ಪಿಕ್ಸೆಲ್ಲೇ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ, 33 ಅಡಿಯಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದಕ್ಕೆ ಹರಿತ ಹಚ್ಚಿದರೆ ಮೆಟ್ಟಿಲುಗಳೇ ಹರಿತವಾಗುತ್ತವೆ, ಜೊತೆಗೆ ಜೆಪೆಗ್ಗಿನ ಚೌಕಗಳೂ ಎದ್ದು ಕೂರುತ್ತವೆ. ಫೋನು ಆ ಫೋಟೋಗೆ ಮೊದಲೇ ಒಂದು ಸಲ ಹರಿತ ಹಚ್ಚಿರುತ್ತದೆ, ಆ ಹಳೆಯ ಗೆರೆಯೂ ಹಿಗ್ಗಿರುತ್ತದೆ. ಇಂಥ ಫೋಟೋಗೆ ಮದ್ದು ಒಂದೇ. ಮುಖವನ್ನು ಒಂದೂವರೆ ಅಡಿಗೆ ಇಳಿಸಿ. ಪಿಕ್ಸೆಲ್ 2.3 ಮಿಲಿಮೀಟರಿಗೆ ಬಂದು ಅದೇ ದೂರದಿಂದ ಮುಖ ನುಣುಪಾಗುತ್ತದೆ. ಉಳಿದ ಜಾಗದಲ್ಲಿ ಹೆಸರನ್ನು ದೊಡ್ಡದಾಗಿ ಹಾಕಿ. ಮನೆಯವರು "ಮಾರಿ ದೊಡ್ಡದು ಮಾಡ್ರಿ" ಎಂದೇ ಹಟ ಹಿಡಿಯುತ್ತಾರೆ. ಎರಡನ್ನೂ ಮಾನಿಟರ್ ಮೇಲೆ ಇಟ್ಟು, ಅವರನ್ನು ಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿ. ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಕ್ಯಾಮೆರಾ ಅಲುಗಿದ ಫೋಟೋಗೂ, ಫೋಕಸ್ ಹಿಂದಿನ ಗೋಡೆಯ ಮೇಲೆ ಕೂತ ಫೋಟೋಗೂ ಇದೇ ಮಾತು. ಅಂಚೇ ಇಲ್ಲದ ಕಡೆ ಅಂಚುಗೆರೆ ಎಳೆಯಲಾಗುವುದಿಲ್ಲ.

ಇನ್ನು ನನ್ನ ಬೇಡಿಕೆಗಳು. ಫೋಟೋ ತೆಗೆಯುವವರಲ್ಲಿ ಕೇಳುವುದು: ಬಣ್ಣ, ಬೆಳಕು ಎಲ್ಲ ತಿದ್ದಿ ಮುಗಿಸಿದ, ಆದರೆ ಕೊನೆಯ ಹರಿತ ಹಚ್ಚದ ಪೂರ್ಣ ಅಳತೆಯ ಫೈಲೊಂದನ್ನು ಪ್ರತಿ ಕೆಲಸಕ್ಕೂ ಬೇರೆಯಾಗಿ ಉಳಿಸಿಡಿ. ಆ ಫೈಲಿನ ಹೆಸರಿನಲ್ಲೇ "ಮೂಲ" ಎಂದು ಬರೆಯಿರಿ. ಫ್ಲೆಕ್ಸ್ ಅಂಗಡಿಗೆ ಕಳಿಸುವುದಿದ್ದರೆ ಅದನ್ನೇ ಕಳಿಸಿ, ಗಿರಾಕಿಯ ಮೊಬೈಲಿಗೆ ಮಾಡಿದ ಪ್ರತಿಯನ್ನಲ್ಲ. ವಾಟ್ಸಾಪಿನಲ್ಲೇ ಕಳಿಸಬೇಕಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಪಿಕ್ಸೆಲ್ ಕಡಿಮೆ ಆಗುವುದಿಲ್ಲ.

ಫ್ಲೆಕ್ಸ್ ಗೆಳೆಯರಲ್ಲಿ ಕೇಳುವುದು: ಆರ್ಡರ್ ಚೀಟಿಯಲ್ಲಿ ಅಗಲ, ಎತ್ತರ ಬರೆಯುತ್ತೀರಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ, "ಎಲ್ಲಿ ಕಟ್ಟುತ್ತಾರೆ, ಹತ್ತಿರ ಎಂದರೆ ಎಷ್ಟು ಅಡಿಯಿಂದ ನೋಡುತ್ತಾರೆ" ಎಂದು. ಹತ್ತಿರದ ದೂರವನ್ನೇ ಲೆಕ್ಕಕ್ಕೆ ಹಿಡಿಯಿರಿ. ದೂರದವನಿಗೆ ಸ್ವಲ್ಪ ಸಪ್ಪೆ ಕಂಡರೆ ಅವನು ಏನೂ ಅನ್ನುವುದಿಲ್ಲ, ಹತ್ತಿರದವನಿಗೆ ತಂತಿ ಕಂಡರೆ ಅವನು ಅಂಗಡಿಗೇ ಬರುತ್ತಾನೆ. ಬೇರೆ ಕೆಲಸದ ರೋಲಿನ ಬದಿಯಲ್ಲಿ ಖಾಲಿ ಉಳಿಯುವ ಪಟ್ಟಿಯಲ್ಲಿ ಮುಖದ ಒಂದಡಿ ತುಂಡನ್ನು ಪೂರ್ಣ ಅಳತೆಯಲ್ಲಿ ಮೂರು ರೇಡಿಯಸ್ಸಿನಲ್ಲಿ ಅಚ್ಚು ಹಾಕಿ, 1, 2.5, 4 ಎಂದು ಮೂಲೆಯಲ್ಲಿ ಬರೆದು, ಎದುರಿನ ಗೋಡೆಗೆ ಅಂಟಿಸಿಡಿ. ಖರ್ಚು ಏನೂ ಇಲ್ಲ. ಆ ಗೋಡೆಯಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ನೋಡಿ, ಯಾವ ತುಂಡಿನ ಗೆರೆ ಯಾವ ಹೆಜ್ಜೆಗೆ ಮಾಯವಾಯಿತು ಎಂದು ಗುರುತು ಹಾಕಿಕೊಳ್ಳಿ. ನಿಮ್ಮ ಮಷಿನ್ನಿಗೆ, ನಿಮ್ಮ ಶಾಯಿಗೆ, ನಿಮ್ಮ ಬಟ್ಟೆಗೆ ಅದು ನನ್ನ ಲೆಕ್ಕಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ.

ಕೆಟ್ಟ ಫ್ರೇಮನ್ನು ನಾನು ಒಡೆಯಲಿಲ್ಲ. ಶರಣಸಿರಸಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎರಡನ್ನೂ ಒಂದರ ಪಕ್ಕ ಒಂದು ತೂಗುಹಾಕಿದ್ದೇನೆ. ಯಾವತ್ತಾದರೂ ಈ ಕಡೆ ಬಂದರೆ ಚಹಾ ಕುಡಿದು ನೋಡಿ ಹೋಗಿರಿ. ಹತ್ತಿರ ಹೋದರೆ ಯಾವುದು ಯಾವುದೆಂದು ಮಕ್ಕಳೂ ಹೇಳುತ್ತಾರೆ. ಬಾಗಿಲಲ್ಲಿ ನಿಂತು ನೋಡಿದರೆ ಕೆಟ್ಟದ್ದೇ ಹೆಚ್ಚು ಚೆನ್ನಾಗಿ ಕಾಣುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹಳೆಯ ಫೋಟೋಗ್ರಾಫರ್
ಶರಣಸಿರಸಗಿ, ಕಲಬುರಗಿ